ಸ್ಟೋರ್ಸ್ ಹುದ್ದೆಯ ಜಾಹೀರಾತಿನ ಕರಡು: ಅಚ್ಚಿಗೆ ಕೊಡುವ ಮೊದಲು ಪರಿಶೀಲಿಸಿಕೊಡಿ

ವೇಮಗಲ್ ಕಚೇರಿ

ಎಲ್ಲರಿಗೂ ನಮಸ್ಕಾರ. ನಾನು ವೇಮಗಲ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೀಟ್ ಮೆಟಲ್ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಜಾಹೀರಾತು ಕೊಡಲು ಮಾಲೀಕರು ಬೇರೆ ಬೇರೆ ಕಂಪನಿಗಳ ಜಾಹೀರಾತುಗಳಿಂದ ಸಾಲುಗಳನ್ನು ಆರಿಸಿ ಒಂದು ಕರಡು ಮಾಡಿಕೊಟ್ಟಿದ್ದಾರೆ. ಅದನ್ನು ಓದಿದಾಗ ಕೆಲವು ಮಾತುಗಳು ಸರಿಯಿಲ್ಲವೆಂದು ನನಗೆ ಅನ್ನಿಸಿತು. ಆದರೆ ಯಾವುದನ್ನು ಏಕೆ ತೆಗೆಯಬೇಕು ಎಂದು ಮಾಲೀಕರಿಗೆ ಕಾರಣ ಸಹಿತ ಹೇಳಬೇಕಾಗಿದೆ. ಕರಡು ಇದ್ದಂತೆಯೇ ಇಲ್ಲಿದೆ.

"ಬೇಕಾಗಿದ್ದಾರೆ: ಸ್ಟೋರ್ಸ್ ಎಕ್ಸಿಕ್ಯೂಟಿವ್. ಪುರುಷರು ಮಾತ್ರ. ವಯಸ್ಸು 22ರಿಂದ 28. ಅವಿವಾಹಿತರಿಗೆ ಆದ್ಯತೆ. ವಿದ್ಯಾರ್ಹತೆ: ಬಿ.ಕಾಂ. ಅಥವಾ ಬಿಬಿಎ; ಎಂಬಿಎ ಆದವರಿಗೆ ಆದ್ಯತೆ. ಕನಿಷ್ಠ 5 ವರ್ಷಗಳ ಅನುಭವ. ಇಂಗ್ಲಿಷ್‌ನಲ್ಲಿ ನಿರರ್ಗಳ ಸಂವಹನ. ಮಾತೃಭಾಷೆ ಕನ್ನಡವಾಗಿರಬೇಕು. ಸ್ವಂತ ದ್ವಿಚಕ್ರ ವಾಹನ ಕಡ್ಡಾಯ. ಸ್ಟೋರ್ಸ್‌ಗೆ ಸಂಬಂಧಿಸಿದ ಎಲ್ಲ ಕೆಲಸಗಳನ್ನೂ ಆಡಳಿತದವರು ಸೂಚಿಸುವ ಇತರೆ ಕೆಲಸಗಳನ್ನೂ ಒತ್ತಡದಲ್ಲಿ ನಿರ್ವಹಿಸಬಲ್ಲ, ಬಲಶಾಲಿಯಾದ, ಚುರುಕಾದ ಯುವಕರು ಫೋಟೋ ಸಹಿತ ಸಂಪರ್ಕಿಸಿ. ಸಂಬಳ: ಅರ್ಹತೆಗೆ ತಕ್ಕಂತೆ."

ಬಂಗಾರಪೇಟೆ ರೈಲು

ಮೇಡಂ, ನನ್ನ ಅಕ್ಕನ ಮಗನಿಗೆ ಈ ಕೆಲಸ ಸರಿಯಾಗಿ ಹೊಂದುತ್ತದೆ. ಅವನಿಗೆ 31 ವರ್ಷ, ಪಿಯುಸಿ ಮುಗಿಸಿದ್ದಾನೆ, ಮದುವೆಯಾಗಿದೆ, ಮಾಲೂರಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ 8 ವರ್ಷಗಳಿಂದ ಇದ್ದಾನೆ. ಟ್ಯಾಲಿ ಗೊತ್ತು. ಅರ್ಜಿಯನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು ತಿಳಿಸಿ.

ವೇಮಗಲ್ ಕಚೇರಿ

ಕ್ಷಮಿಸಿ ಸರ್, ಇದು ಇನ್ನೂ ಜಾಹೀರಾತಲ್ಲ, ತಿದ್ದುಪಡಿಗಾಗಿ ಹಾಕಿರುವ ಕರಡು. ಅರ್ಜಿಗಳನ್ನು ಇಲ್ಲಿ ಪಡೆಯುವಂತಿಲ್ಲ.

ನೇಮಕಾತಿ ಮೇಜು

ಬಂಗಾರಪೇಟೆಯವರು ಪ್ರಶ್ನೆಯನ್ನು ಬೇರೆ ರೀತಿ ತಿಳಿದುಕೊಂಡಿರಬಹುದು, ಆದರೆ ಅವರು ಕೊಟ್ಟ ವಿವರ ನಮ್ಮ ಕೆಲಸಕ್ಕೆ ಬರುತ್ತದೆ. ಇದೇ ಕೆಲಸವನ್ನು 8 ವರ್ಷ ಮಾಡಿರುವ ವ್ಯಕ್ತಿಯನ್ನು ಈ ಕರಡು ವಯಸ್ಸು, ಪದವಿ ಎಂಬ ಎರಡು ಕಡೆ ಹೊರಗಿಡುತ್ತದೆ, ಮದುವೆಯ ಸಾಲಿನಲ್ಲಿ ಹಿಂದಕ್ಕೆ ತಳ್ಳುತ್ತದೆ. ನಾನು ಹಲವು ವರ್ಷ ನೇಮಕಾತಿ ವಿಭಾಗದಲ್ಲಿದ್ದೇನೆ. ಯಾವ ಕರಡು ಬಂದರೂ ನಾನು ಮೊದಲು ಕೇಳುವುದು, ಈಗ ಆ ಹುದ್ದೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವವರು ಈ ಜಾಹೀರಾತಿನ ಪ್ರಕಾರ ಅರ್ಜಿ ಹಾಕಬಲ್ಲರೇ ಎಂದು. ನಿಮ್ಮ ನಿವೃತ್ತರಾಗುವ ನೌಕರರು ಏನು ಓದಿದ್ದಾರೆ?

ಇನ್ನೊಂದು ಮಾತು. ಪದವಿ ಮುಗಿಯುವಾಗ ಸಾಮಾನ್ಯವಾಗಿ 21 ವರ್ಷ ಆಗಿರುತ್ತದೆ. ಅದರ ಮೇಲೆ 5 ವರ್ಷ ಅನುಭವ ಸೇರಿದರೆ 26 ಆಯಿತು. ಎಂಬಿಎ ಮುಗಿಸಿದವರಿಗೆ 23ಕ್ಕೆ 5 ಸೇರಿ 28 ಆಯಿತು. ಹಾಗಾಗಿ 22ರಿಂದ 28 ಎಂದು ಬರೆದಿದ್ದರೂ 22ರಿಂದ 25ರವರೆಗಿನ ಯಾರೂ ಈ ಶರತ್ತನ್ನು ಪೂರೈಸಲಾರರು, ಮತ್ತು ನಿಮ್ಮ ಆದ್ಯತೆಯ ಅಭ್ಯರ್ಥಿಗೆ ಇರುವುದು ಒಂದೇ ಒಂದು ವರ್ಷದ ಕಿಂಡಿ. ಬೇರೆ ಬೇರೆ ಕಡೆಯಿಂದ ತಂದ ಸಾಲುಗಳನ್ನು ಒಟ್ಟಿಗೆ ಇಟ್ಟು ಕೂಡಿ ನೋಡದಿದ್ದಾಗ ಹೀಗಾಗುತ್ತದೆ.

ವೇಮಗಲ್ ಕಚೇರಿ

ಅವರು ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಮಾಡಿದವರು. ಟ್ಯಾಲಿಯನ್ನು ನಮ್ಮಲ್ಲಿಗೆ ಬಂದ ಮೇಲೆಯೇ ಕಲಿತರು.

ಮಾಲೂರು ಲಾ

ನಾನು ಕಾನೂನು ವಿದ್ಯಾರ್ಥಿ. "ಪುರುಷರು ಮಾತ್ರ" ಎಂಬುದು ಸಂವಿಧಾನದ 16ನೇ ವಿಧಿಗೆ ನೇರವಾಗಿ ವಿರುದ್ಧ. ವಯಸ್ಸಿನ ಮಿತಿಯೂ ಅದೇ ವಿಧಿಯಿಂದ ಬಿದ್ದುಹೋಗುತ್ತದೆ. ಈ ಜಾಹೀರಾತು ಅಚ್ಚಾದರೆ ಮಾಲೀಕರು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ನೇಮಕಾತಿ ಮೇಜು

ನಿಮ್ಮ ತೀರ್ಮಾನ ಅರ್ಧ ಸರಿ, ಆದರೆ ಆಧಾರ ಬೇರೆ. 16ನೇ ವಿಧಿ ಸರ್ಕಾರಿ ಉದ್ಯೋಗದ ವಿಷಯದ್ದು, ಖಾಸಗಿ ಕಾರ್ಖಾನೆಯ ನೇಮಕಾತಿಗೆ ಅದು ನೇರವಾಗಿ ತಗಲುವುದಿಲ್ಲ. ಲಿಂಗಭೇದದ ವಿಷಯದಲ್ಲಿ ಖಾಸಗಿಯವರನ್ನು ಕಟ್ಟುವ ನಿಯಮ 1976ರ ಸಮಾನ ವೇತನ ಕಾಯ್ದೆಯ 5ನೇ ಪ್ರಕರಣದಲ್ಲಿ ಇತ್ತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆಯ 3ನೇ ಪ್ರಕರಣ ಇದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಒಂದೇ ಬಗೆಯ ಕೆಲಸಕ್ಕೆ ನೇಮಿಸಿಕೊಳ್ಳುವಾಗ ಲಿಂಗದ ಆಧಾರದ ಮೇಲೆ ಭೇದ ಮಾಡಬಾರದು, ಯಾವುದಾದರೂ ಕಾನೂನೇ ಆ ಕೆಲಸಕ್ಕೆ ಮಹಿಳೆಯರನ್ನು ನಿಷೇಧಿಸಿದ್ದರೆ ಅಥವಾ ನಿರ್ಬಂಧಿಸಿದ್ದರೆ ಮಾತ್ರ ವಿನಾಯಿತಿ ಎಂದು ಅದು ಹೇಳುತ್ತದೆ. ಸ್ಟೋರ್ಸ್‌ನ ಲೆಕ್ಕ ಬರೆಯುವುದು ಅಂತಹ ನಿಷೇಧದ ಕೆಲಸವಲ್ಲ.

ವಯಸ್ಸಿನ ಮಾತು ಹಾಗಲ್ಲ. ಖಾಸಗಿ ನೇಮಕಾತಿಯಲ್ಲಿ ವಯಸ್ಸಿನ ಭೇದವನ್ನು ತಡೆಯುವ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ. ಆದ್ದರಿಂದ ಮಾಲೀಕರ ಮುಂದೆ ಅದನ್ನು ಕಾನೂನಿನ ಹೆದರಿಕೆಯಾಗಿ ಇಡಬೇಡಿ. ಒಂದು ಕಡೆ ತಪ್ಪು ಹೇಳಿದರೆ ಉಳಿದ ಸರಿಯಾದ ಮಾತುಗಳಿಗೂ ಬೆಲೆ ಹೋಗುತ್ತದೆ. 28 ಎಂಬ ಅಂಕಿಗೆ ಕೆಲಸದಲ್ಲಿ ಯಾವ ಕಾರಣವಿದೆ ಎಂದು ಕೇಳಿ, ಅಷ್ಟು ಸಾಕು.

ನರಸಾಪುರ ಶೆಡ್

ನಾನೂ ಒಂದು ಸಣ್ಣ ಘಟಕ ನಡೆಸುವವನು. ಮಾಲೀಕರ ಕಡೆಯಿಂದ ಎರಡು ಮಾತು ಹೇಳಲು ಅವಕಾಶ ಕೊಡಿ. ತಿಂಗಳ ಕೊನೆಯ ದಾಸ್ತಾನು ಎಣಿಕೆ ರಾತ್ರಿ ಹತ್ತರವರೆಗೂ ನಡೆಯುತ್ತದೆ, ಆ ಹೊತ್ತಿನಲ್ಲಿ ವೇಮಗಲ್‌ನಿಂದ ಊರುಗಳಿಗೆ ಬಸ್ಸು ಸಿಗುವುದು ಕಷ್ಟ. ಹೆಣ್ಣುಮಕ್ಕಳ ಸುರಕ್ಷತೆಯ ಜವಾಬ್ದಾರಿ ನಮ್ಮ ಮೇಲೆ ಬರುತ್ತದೆ ಎಂಬ ಕಾರಣಕ್ಕೆ ಪುರುಷರು ಎಂದು ಬರೆಯುತ್ತೇವೆಯೇ ಹೊರತು ಯಾರ ಮೇಲಿನ ದ್ವೇಷದಿಂದಲೂ ಅಲ್ಲ. ಎರಡನೆಯದು, ಪದವಿ ಎಂದು ಬರೆಯದಿದ್ದರೆ ರಾಶಿ ರಾಶಿ ಅರ್ಜಿ ಬರುತ್ತವೆ, ಅವುಗಳನ್ನು ನೋಡಲು ನಮ್ಮಲ್ಲಿ ಪ್ರತ್ಯೇಕ ವಿಭಾಗವಿಲ್ಲ.

ನೇಮಕಾತಿ ಮೇಜು

ನಿಮ್ಮ ಕಾಳಜಿ ನಿಜವಾದದ್ದು ಎಂದು ಒಪ್ಪುತ್ತೇನೆ. ಆದರೆ ಸುರಕ್ಷತೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕೆಲಸದಿಂದಲೇ ದೂರ ಇಡುವುದು ಪರಿಹಾರವಲ್ಲ. 2007ರ ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ ಬಗೆಯ ವಾದ. ಮದ್ಯ ಬಡಿಸುವ ಸ್ಥಳಗಳಲ್ಲಿ ಮಹಿಳೆಯರು ಕೆಲಸ ಮಾಡಬಾರದೆಂಬ ಹಳೆಯ ಪಂಜಾಬ್ ಅಬಕಾರಿ ಕಾಯ್ದೆಯ ನಿಯಮವನ್ನು ನ್ಯಾಯಾಲಯ ಉಳಿಸಲಿಲ್ಲ. ಅದು ಶಾಸನದ ಸಿಂಧುತ್ವದ ಪ್ರಶ್ನೆ, ನಿಮ್ಮ ಘಟಕದ ಪ್ರಶ್ನೆಯಲ್ಲ, ಆದರೂ ತರ್ಕ ಇಲ್ಲಿಗೆ ಹೊಂದುತ್ತದೆ. ತಿಂಗಳಿಗೆ ಒಂದು ರಾತ್ರಿ ತಡವಾಗುತ್ತದೆ ಎಂದರೆ ಆ ಒಂದು ರಾತ್ರಿಯ ವಿಷಯವನ್ನು ಜಾಹೀರಾತಿನಲ್ಲಿ ಬರೆಯಿರಿ, ಮನೆಗೆ ತಲುಪಿಸುವ ವಾಹನ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ಓದಿದವರು ತಮ್ಮಿಂದ ಆಗುತ್ತದೆಯೇ ಎಂದು ತಾವೇ ತೀರ್ಮಾನಿಸಲಿ. ವಾಹನವಿಲ್ಲದ ಗಂಡಸಿಗೂ ರಾತ್ರಿ ಹತ್ತಕ್ಕೆ ಬಸ್ಸು ಇರುವುದಿಲ್ಲವಲ್ಲ.

ಅರ್ಜಿಗಳ ರಾಶಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. "ಎಲ್ಲ ಕೆಲಸ" ಮತ್ತು "ಇತರೆ ಕೆಲಸ" ಎಂಬ ಎರಡು ಪದಗಳಲ್ಲಿ ಇಡೀ ಹುದ್ದೆ ಮುಗಿದುಹೋಗಿದೆ. ವೇಮಗಲ್ ಮೇಡಂ, ನಿವೃತ್ತರಾಗುವವರ ಪಕ್ಕದಲ್ಲಿ ಕುಳಿತು, ಕಳೆದ ವಾರ ಸೋಮವಾರದಿಂದ ಶನಿವಾರದವರೆಗೆ ನಿಜವಾಗಿ ಏನೇನು ಮಾಡಿದರು, ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಿ. ಜೊತೆಗೆ, ಈ ಕೆಲಸದಲ್ಲಿ ಯಾವ ತಪ್ಪಾದರೆ ಕಂಪನಿಗೆ ಹಣದ ನಷ್ಟವಾಗುತ್ತದೆ ಎಂದೂ ಕೇಳಿ. ಹೆಚ್ಚು ಹೊತ್ತು ಹಿಡಿಯುವ ಕೆಲಸವೂ ಹೆಚ್ಚು ನಷ್ಟ ತರುವ ಕೆಲಸವೂ ಬಹಳ ಸಲ ಬೇರೆ ಬೇರೆ ಆಗಿರುತ್ತವೆ.

ವೇಮಗಲ್ ಕಚೇರಿ

ನಿನ್ನೆ ಮಧ್ಯಾಹ್ನ ಕೇಳಿ ಬರೆದುಕೊಂಡೆ. ದಿನದ ಅರ್ಧ ಹೊತ್ತು ಬಂದ ಸರಕನ್ನು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡಿ ಜಿಆರ್‌ಎನ್ ಎಂಬ ಸರಕು ಸ್ವೀಕೃತಿ ಚೀಟಿ ಮಾಡುವುದಕ್ಕೂ, ಲೈನಿನವರಿಗೆ ಸಾಮಾನು ಕೊಟ್ಟು ಆಯಾ ಸಾಮಾನಿನ ದಾಸ್ತಾನು ತೋರಿಸುವ ಬಿನ್ ಕಾರ್ಡಿನಲ್ಲಿ ಬರೆಯುವುದಕ್ಕೂ ಹೋಗುತ್ತದೆ. ಸಂಜೆ ಟ್ಯಾಲಿಗೆ ಏರಿಸುತ್ತಾರೆ. ವಾರಕ್ಕೆ ಮೂರು ನಾಲ್ಕು ಸಲ ನಮ್ಮ ಬ್ರಾಕೆಟ್‌ಗಳನ್ನು ಪ್ಲೇಟಿಂಗ್ ಮಾಡಿಸಲು ಪೀಣ್ಯಕ್ಕೆ ಡೆಲಿವರಿ ಚಲನ್ ಮೇಲೆ ಕಳುಹಿಸುತ್ತಾರೆ. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಮಾಡುತ್ತಾರೆ. ತಿಂಗಳ ಕೊನೆಗೆ ಎಣಿಕೆ. ಇವುಗಳ ಜೊತೆಗೆ ಬ್ಯಾಂಕಿಗೆ ಹೋಗಿ ಚೆಕ್ ಹಾಕುವುದು, ಮಾಲೀಕರ ಮನೆಯ ವಿದ್ಯುತ್ ಬಿಲ್ ಕಟ್ಟುವುದು ಕೂಡ ಅವರ ಪಾಲಿಗೇ ಬಂದಿದೆ. ಸ್ವಂತ ದ್ವಿಚಕ್ರ ವಾಹನ ಏಕೆ ಕಡ್ಡಾಯವಾಯಿತು ಎಂಬುದು ನನಗೆ ಆಗ ಅರ್ಥವಾಯಿತು.

ಯಾವ ತಪ್ಪು ದುಬಾರಿ ಎಂದು ಕೇಳಿದಾಗ, ಪ್ಲೇಟಿಂಗ್‌ಗೆ ಹೋದ ಮಾಲು ಪೂರ್ತಿ ವಾಪಸ್ ಬಂತೇ ಎಂದು ನೋಡದಿರುವುದು ಎಂದರು.

ಹಳೆಯ ಸ್ಟೋರ್ಸ್‌ನವರು

ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಕಾರ್ಖಾನೆಗಳ ಸ್ಟೋರ್ಸ್‌ನಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಜಾಬ್ ವರ್ಕ್‌ಗೆ, ಅಂದರೆ ಹೀಗೆ ಹೊರಗಿನವರಿಂದ ಕೆಲಸ ಮಾಡಿಸಲು ಕಳುಹಿಸಿದ ಮಾಲು ಜಿಎಸ್‌ಟಿ ಕಾಯ್ದೆಯ 143ನೇ ಪ್ರಕರಣದ ಪ್ರಕಾರ 1 ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲವಾದರೆ ಕಳುಹಿಸಿದ ದಿನವೇ ಅದನ್ನು ಪೂರೈಕೆ ಮಾಡಿದಂತೆ ಲೆಕ್ಕ ಹಿಡಿಯುತ್ತಾರೆ, ತೆರಿಗೆ ಬಡ್ಡಿ ಎರಡೂ ಬರುತ್ತವೆ. 500 ಬ್ರಾಕೆಟ್ ಹೋಗಿ 460 ಬಂದಾಗ ಉಳಿದ 40 ಯಾವ ಚಲನ್‌ನವು ಎಂದು ಹೇಳಬಲ್ಲವನು ಬೇಕು. ಈ ಹುದ್ದೆಯ ಜೀವಾಳ ಅದು. ನಿಮ್ಮ ಕರಡಿನಲ್ಲಿ ಎಂಬಿಎ ಇದೆ, ಚಲನ್ ಎಂಬ ಮಾತೇ ಇಲ್ಲ.

ಇದನ್ನು ಕಲಿಯಲು 5 ವರ್ಷ ಬೇಕಿಲ್ಲ. ಲೆಕ್ಕದ ಶಿಸ್ತು ಇದ್ದವರಿಗೆ ಮೂರು ತಿಂಗಳು ಸಾಕು. ನಮ್ಮ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುವವರನ್ನು ನೋಡಿ. ಯಾವ ರೈತರಿಗೆ ಎಷ್ಟು ಖಾಲಿ ಕ್ರೇಟ್ ಕೊಟ್ಟಿದೆ, ಎಷ್ಟು ತುಂಬಿ ಬಂತು, ಎಷ್ಟು ಇನ್ನೂ ತೋಟದಲ್ಲಿದೆ ಎಂದು ಅವರು ದಿನವೂ ಇಡುವ ಲೆಕ್ಕ ಇದೇ ಜಾತಿಯ ಲೆಕ್ಕ. "ಸ್ಟೋರ್ಸ್ ಎಕ್ಸಿಕ್ಯೂಟಿವ್ ಆಗಿ 5 ವರ್ಷ" ಎಂದು ಬರೆದರೆ ಅಂತಹವರು ಅರ್ಜಿಯನ್ನೇ ಹಾಕುವುದಿಲ್ಲ.

ಮುಳಬಾಗಿಲು ಬಿ.ಕಾಂ.

ನನ್ನ ವಿಷಯವನ್ನೇ ಹೇಳುತ್ತೇನೆ. ಒಂದು ಗಾರ್ಮೆಂಟ್ಸ್ ಘಟಕದ ಸ್ಟೋರ್ಸ್‌ನಲ್ಲಿ 2 ವರ್ಷ ಇದ್ದೆ. ಬಟ್ಟೆ, ಗುಂಡಿ, ದಾರ ಎಲ್ಲದರ ಲೆಕ್ಕ ನನ್ನದೇ ಆಗಿತ್ತು. ಆಮೇಲೆ ಎಷ್ಟೋ ಜಾಹೀರಾತುಗಳಲ್ಲಿ "5 ವರ್ಷ" ಎಂದು ನೋಡಿ ಪುಟ ತಿರುಗಿಸಿದ್ದೇನೆ. ನನ್ನ ಜೊತೆ ಓದಿದ ಹುಡುಗನೊಬ್ಬ 1 ವರ್ಷದ ಅನುಭವದಲ್ಲೇ ಅಂತಹ ಕಡೆ ಅರ್ಜಿ ಹಾಕಿ ಸೇರಿಕೊಂಡ. ಗಂಡಸರು ನೂರರಲ್ಲಿ 60 ಅರ್ಹತೆ ಇದ್ದರೆ ಅರ್ಜಿ ಹಾಕುತ್ತಾರೆ, ಹೆಂಗಸರು ನೂರಕ್ಕೆ ನೂರು ಇದ್ದರೆ ಮಾತ್ರ ಹಾಕುತ್ತಾರೆ ಎಂಬುದು ಸಂಶೋಧನೆಯಿಂದ ಸಾಬೀತಾಗಿದೆ ಎಂದು ಓದಿದ್ದೇನೆ.

ನೇಮಕಾತಿ ಮೇಜು

ತಂಗಿ, ನಿನ್ನ ಅನುಭವ ನೂರಾರು ಜನರದ್ದೂ ಹೌದು. ಆದರೆ ಆ 60 ಮತ್ತು 100ರ ಮಾತು ಒಂದು ಕಂಪನಿಯ ಒಳಗಿನ ಅವಲೋಕನವಾಗಿ ಹರಡಿದ್ದು, ಅದರ ಹಿಂದೆ ಪ್ರಕಟವಾದ ಅಧ್ಯಯನವಿಲ್ಲ. ಮಾಲೀಕರ ಮುಂದೆ ಅದನ್ನು ಇಡುವುದು ಬೇಡ. ಪದಗಳ ವಿಷಯದಲ್ಲಿ 2011ರಲ್ಲಿ ಪ್ರಕಟವಾದ ಗಾಷೆ, ಫ್ರೀಸನ್, ಕೇ ಅವರ ಅಧ್ಯಯನ ಗಟ್ಟಿಯಾದದ್ದು. ಗಂಡಸಿನ ಗುಣವೆಂದು ರೂಢಿಯಲ್ಲಿರುವ ಪದಗಳು ತುಂಬಿದ ಜಾಹೀರಾತುಗಳನ್ನು ಓದಿದ ಮಹಿಳೆಯರಿಗೆ, ಆ ಜಾಗ ತಮಗೆ ಹೊಂದುವುದಿಲ್ಲ ಎನ್ನಿಸಿ ಕೆಲಸದ ಮೇಲಿನ ಆಸಕ್ತಿ ಕುಂದಿತು. ತಮಗೆ ಕೌಶಲವಿಲ್ಲ ಎಂಬ ಭಾವನೆ ಅದಕ್ಕೆ ಕಾರಣವಾಗಿರಲಿಲ್ಲ. ಅದು ಇಂಗ್ಲಿಷ್ ಜಾಹೀರಾತುಗಳ ಮೇಲೆ ನಡೆದದ್ದು. ಕನ್ನಡದಲ್ಲಿ "ಯುವಕರು", "ಬಲಶಾಲಿ" ಎಂದು ಬರೆದಾಗ ಅಷ್ಟು ಸೂಕ್ಷ್ಮ ಪರೀಕ್ಷೆಯೂ ಬೇಕಾಗುವುದಿಲ್ಲ. "ಪುರುಷರು ಮಾತ್ರ" ಎಂಬ ಸಾಲನ್ನು ಹೊಡೆದುಹಾಕಿ "ಯುವಕರು" ಎಂಬುದನ್ನು ಬಿಟ್ಟರೆ ಏನೂ ಬದಲಾಗಲಿಲ್ಲ. "ಅಭ್ಯರ್ಥಿಗಳು" ಎಂದರೆ ಸಾಕು.

"ಬಲಶಾಲಿ" ಎಂಬಲ್ಲಿ ನಿಜವಾದ ಅಗತ್ಯ ಏನೆಂದು ಕೇಳಿ. ಎಷ್ಟು ಭಾರ, ದಿನಕ್ಕೆ ಎಷ್ಟು ಸಲ, ಗಾಡಿ ಇದೆಯೇ?

ವೇಮಗಲ್ ಕಚೇರಿ

ಶೀಟುಗಳನ್ನು ಲೋಡಿಂಗ್‌ನವರೇ ಇಳಿಸುತ್ತಾರೆ, ಹ್ಯಾಂಡ್ ಪ್ಯಾಲೆಟ್ ಟ್ರಕ್ ಇದೆ. ನಟ್ಟು ಬೋಲ್ಟುಗಳ ಪೆಟ್ಟಿಗೆ ಮಾತ್ರ ಎತ್ತಬೇಕು, ಹೆಚ್ಚೆಂದರೆ 20 ಕೆ.ಜಿ.

ನೇಮಕಾತಿ ಮೇಜು

ಹಾಗಾದರೆ ಅದನ್ನೇ ಬರೆಯಿರಿ. ಅಂಗವೈಕಲ್ಯ ಇರುವವರೂ ಓದಿ, ಯಾವ ಭಾಗಕ್ಕೆ ಸಹಾಯ ಬೇಕಾಗಬಹುದು ಎಂದು ಅಳೆದು ನೋಡಬಹುದು. "ಬಲಶಾಲಿ" ಎಂಬ ಪದ ಅಂತಹವರನ್ನು ವಿಚಾರಣೆಯಿಲ್ಲದೆ ಹಿಂದಕ್ಕೆ ಕಳುಹಿಸುತ್ತದೆ.

ಶ್ರೀನಿವಾಸಪುರ ಮಾವು

ಮಾತೃಭಾಷೆಯ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತು ತೆಲುಗು. ಒಂದನೇ ತರಗತಿಯಿಂದ ಪದವಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ, ಕನ್ನಡದಲ್ಲಿ ಬರೆಯುವುದು ನನಗೆ ಅತ್ಯಂತ ಸಹಜ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರು ಎಷ್ಟು ಜನ ಇದ್ದಾರೆಂದು ಮಾಲೀಕರಿಗೂ ಗೊತ್ತಿರುತ್ತದೆ. ಈ ಸಾಲು ನಮ್ಮನ್ನು ನಮ್ಮ ಜಿಲ್ಲೆಯಲ್ಲೇ ಹೊರಗಿನವರನ್ನಾಗಿ ಮಾಡುತ್ತದೆ, ಅದು ಮನಸ್ಸಿಗೆ ನೋವಾಗುತ್ತದೆ.

ನರಸಾಪುರ ಶೆಡ್

ಸ್ಥಳೀಯರಿಗೆ ಕೆಲಸ ಸಿಗಲಿ ಎಂಬ ಉದ್ದೇಶದಿಂದ ಬರೆದಿರುತ್ತಾರೆ. ಅದನ್ನೂ ತಪ್ಪೆನ್ನುವುದೇ?

ನೇಮಕಾತಿ ಮೇಜು

ಉದ್ದೇಶ ಸ್ಥಳೀಯರದ್ದಾಗಿದ್ದರೆ ಈ ಸಾಲು ಆ ಉದ್ದೇಶಕ್ಕೇ ಅಡ್ಡ ಬರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಸಿದ್ಧಪಡಿಸಿ ಆಮೇಲೆ ತಡೆಹಿಡಿದ ಸ್ಥಳೀಯ ಅಭ್ಯರ್ಥಿಗಳ ಮಸೂದೆಯಲ್ಲಿಯೂ ರಾಜ್ಯದಲ್ಲಿ ಹುಟ್ಟಿರುವುದು, 15 ವರ್ಷಗಳ ವಾಸ, ಕನ್ನಡ ಓದಲು ಬರೆಯಲು ಮಾತನಾಡಲು ಬರುವುದು ಎಂದಿತ್ತು, ಮಾತೃಭಾಷೆ ಎಂದಿರಲಿಲ್ಲ. ಕೆಲಸಕ್ಕೆ ಬೇಕಾದದ್ದು ಲೋಡಿಂಗ್‌ನವರ ಜೊತೆ ಕನ್ನಡದಲ್ಲಿ ಮಾತನಾಡುವುದು ಮತ್ತು ರಿಜಿಸ್ಟರ್ ಬರೆಯುವುದು. ಇಂಗ್ಲಿಷ್ ಕೂಡ ಹಾಗೆಯೇ: ಚಲನ್ ಓದಿ ಅರ್ಥಮಾಡಿಕೊಂಡು ಎರಡು ಸಾಲಿನ ಇ-ಮೇಲ್ ಬರೆಯುವುದಕ್ಕೆ ನಿರರ್ಗಳ ಸಂವಹನ ಬೇಕಿಲ್ಲ.

ಈಗ ಅರ್ಜಿಗಳ ರಾಶಿಯ ಮಾತು. ಪದವಿಯನ್ನು ಜರಡಿಯಾಗಿ ಬಳಸುವುದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು ಅಮೆರಿಕದ ಜಾಹೀರಾತುಗಳನ್ನು ನೋಡಿದಾಗ, ಉತ್ಪಾದನಾ ಮೇಲ್ವಿಚಾರಕರ ಹುದ್ದೆಗೆ ಶೇ. 67ರಷ್ಟು ಜಾಹೀರಾತುಗಳು ಪದವಿ ಕೇಳುತ್ತಿದ್ದವು, ಆದರೆ ಅದೇ ಹುದ್ದೆಯಲ್ಲಿ ಆಗ ಇದ್ದವರಲ್ಲಿ ಪದವಿ ಪಡೆದವರು ಶೇ. 16 ಮಾತ್ರ. ಆ ಜರಡಿ ಹಿಡಿಯುವುದು ಓದನ್ನು, ಚಲನ್ ಲೆಕ್ಕವನ್ನಲ್ಲ. ಅದರ ಬದಲು ಹದಿನೈದು ನಿಮಿಷದ ಒಂದು ಲೆಕ್ಕ ಕೊಡಿ ಎಂದು ನನ್ನ ಸಲಹೆ. ಹಳೆಯ ಸ್ಟೋರ್ಸ್‌ನವರು ಒಂದು ಬರೆದುಕೊಡುತ್ತೀರಾ?

ಹಳೆಯ ಸ್ಟೋರ್ಸ್‌ನವರು

ಇದು ಸಾಕು. ರ‍್ಯಾಕ್‌ನಲ್ಲಿ ಬೆಳಿಗ್ಗೆ 400 ಬ್ರಾಕೆಟ್ ಇತ್ತು, ಪ್ರೆಸ್ ವಿಭಾಗದಿಂದ 250 ಬಂತು, ಅಸೆಂಬ್ಲಿಗೆ 180 ಮತ್ತು 95 ಕೊಟ್ಟೆವು, 120 ಪ್ಲೇಟಿಂಗ್‌ಗೆ ಹೋಯಿತು. ಸಂಜೆ ರ‍್ಯಾಕ್‌ನಲ್ಲಿ ಎಷ್ಟು, ಕಂಪನಿಯ ಬ್ರಾಕೆಟ್ ಒಟ್ಟು ಎಷ್ಟು ಎಂದು ಕೇಳಿ. ರ‍್ಯಾಕ್‌ನಲ್ಲಿ 255, ಒಟ್ಟು 375. ಎರಡಕ್ಕೂ 255 ಎಂದವರು ಪ್ಲೇಟಿಂಗ್‌ಗೆ ಹೋದದ್ದನ್ನು ಖರ್ಚಾದ ಮಾಲೆಂದು ತಿಳಿದವರು. ಅವರಿಗೆ ಒಂದು ಸಲ ವಿವರಿಸಿ ಎರಡನೇ ಲೆಕ್ಕ ಕೊಡಿ. ವಿವರಿಸಿದ ಮೇಲೆ ಸರಿ ಮಾಡಿದವರನ್ನೂ ಬಿಡಬೇಡಿ, ಅವರು ಕಲಿಯುವವರು.

ನರಸಾಪುರ ಶೆಡ್

ಪರೀಕ್ಷೆ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ನೂರು ಜನರಿಗೆ ಪರೀಕ್ಷೆ ಮಾಡುವುದೂ ಒಂದು ದಿನದ ಕೆಲಸವೇ. ಪಿಯುಸಿ ಎಂಬ ಒಂದು ಗೆರೆಯನ್ನಾದರೂ ನಾನು ಉಳಿಸಿಕೊಳ್ಳುತ್ತೇನೆ.

ಹಳೆಯ ಸ್ಟೋರ್ಸ್‌ನವರು

ಆ ಗೆರೆ ಹಾಕಿದರೆ ಈಗ ನಿವೃತ್ತರಾಗುತ್ತಿರುವವರೇ ಹೊರಗೆ. "ಪಿಯುಸಿ, ಐಟಿಐ ಅಥವಾ ಸಮಾನ ಅನುಭವ" ಎನ್ನಿ. ನಾನು ಇದರಲ್ಲಿ ನಿಮ್ಮನ್ನು ಒಪ್ಪುವುದಿಲ್ಲ.

ವೇಮಗಲ್ ಕಚೇರಿ

ಎಲ್ಲವನ್ನೂ ಸೇರಿಸಿ ಹೀಗೆ ಬರೆದಿದ್ದೇನೆ.

"ಸ್ಟೋರ್ಸ್ ಸಹಾಯಕರು ಬೇಕಾಗಿದ್ದಾರೆ, ಒಂದು ಹುದ್ದೆ. ಸ್ಥಳ: ವೇಮಗಲ್ ಕೈಗಾರಿಕಾ ಪ್ರದೇಶ, ಕೋಲಾರ ತಾಲ್ಲೂಕು. ಕೆಲಸ: ಬಂದ ಸರಕನ್ನು ತಾಳೆ ನೋಡಿ ಸ್ವೀಕರಿಸುವುದು, ಉತ್ಪಾದನಾ ವಿಭಾಗಕ್ಕೆ ಸಾಮಾನು ಕೊಟ್ಟು ಬಿನ್ ಕಾರ್ಡ್ ಹಾಗೂ ಟ್ಯಾಲಿಯಲ್ಲಿ ಬರೆಯುವುದು, ಪ್ಲೇಟಿಂಗ್‌ಗೆ ಕಳುಹಿಸಿದ ಮಾಲು ಪೂರ್ತಿ ಹಿಂದಿರುಗುವವರೆಗೆ ಚಲನ್ ಲೆಕ್ಕ ಇಡುವುದು, ಇ-ವೇ ಬಿಲ್ ಮಾಡುವುದು. 20 ಕೆ.ಜಿ.ವರೆಗಿನ ಪೆಟ್ಟಿಗೆಗಳನ್ನು ಆಗಾಗ ಎತ್ತಬೇಕಾಗುತ್ತದೆ. ಸಮಯ: ಬೆಳಿಗ್ಗೆ 9ರಿಂದ ಸಂಜೆ 5.30, ತಿಂಗಳ ಕೊನೆಯ ದಿನ ರಾತ್ರಿ 10ರವರೆಗೆ, ಅಂದು ಮನೆಗೆ ತಲುಪಿಸಲು ಕಂಪನಿಯ ವಾಹನವಿದೆ. ಬೇಕಾದದ್ದು: ಪಿಯುಸಿ, ಐಟಿಐ ಅಥವಾ ಸಮಾನ ಅನುಭವ, ಸ್ಟೋರ್ಸ್, ಗೋದಾಮು, ಮಂಡಿ ಅಥವಾ ಅಂಗಡಿಯ ದಾಸ್ತಾನು ಲೆಕ್ಕದಲ್ಲಿ 1 ವರ್ಷ, ಕನ್ನಡ ಓದಲು ಬರೆಯಲು ಬರಬೇಕು, ಇಂಗ್ಲಿಷ್ ಚಲನ್ ಓದಲು ಬರಬೇಕು. ಟ್ಯಾಲಿ ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲಿಸಲಾಗುವುದು. ಸಂದರ್ಶನದಲ್ಲಿ ಚಿಕ್ಕ ಲೆಕ್ಕದ ಪರೀಕ್ಷೆ ಇರುತ್ತದೆ."

ಫೋಟೋ, ಮದುವೆ, ಮಾತೃಭಾಷೆ, ದ್ವಿಚಕ್ರ ವಾಹನದ ಸಾಲುಗಳನ್ನು ತೆಗೆಯಲು ಮಾಲೀಕರು ಒಪ್ಪಿದರು. ಬ್ಯಾಂಕಿನ ಕೆಲಸ ಕಚೇರಿಗೆ ಬಂತು, ಮನೆಯ ಬಿಲ್‌ಗಳನ್ನು ಅವರೇ ನೋಡಿಕೊಳ್ಳುತ್ತಾರಂತೆ. ತಿಂಗಳ ಕೊನೆಯ ರಾತ್ರಿ ಮನೆಗೆ ತಲುಪಿಸುವ ವಾಹನದ ಖರ್ಚಿಗೂ ಸ್ವಲ್ಪ ಯೋಚಿಸಿ ಒಪ್ಪಿದರು. ವಯಸ್ಸಿನ ಸಾಲಿಗೆ 35 ಎಂದಾದರೂ ಇರಲಿ ಎನ್ನುತ್ತಿದ್ದಾರೆ, ಸಂಬಳದ ಮೊತ್ತ ಬರೆಯಲು ಇನ್ನೂ ಮನಸ್ಸಿಲ್ಲ. ಬರೆದರೆ ಈಗ ಇರುವ ನೌಕರರು ಹೋಲಿಸಿ ನೋಡುತ್ತಾರೆ ಎಂಬುದು ಅವರ ಆತಂಕ.

ಮಾಲೂರು ಲಾ

16ನೇ ವಿಧಿಯ ತಿದ್ದುಪಡಿಗೆ ಧನ್ಯವಾದ. 35 ಎಂಬುದಕ್ಕೂ ಕಾರಣ ಕೇಳಬೇಕೆಂದು ನನಗೆ ಅನ್ನಿಸುತ್ತದೆ.

ನೇಮಕಾತಿ ಮೇಜು

ಕೇಳಲೇಬೇಕು. ಮಂಡಿಯಲ್ಲಿ ಲೆಕ್ಕ ಬರೆದು ನಲವತ್ತು ದಾಟಿದವರೇ ನಿಮಗೆ ಹೆಚ್ಚು ಹೊಂದಬಹುದು. ಸಂಬಳದಲ್ಲಿ ಒಂದೇ ಮೊತ್ತ ಬರೆಯಲು ಹಿಂಜರಿದರೆ ಕೆಳಗಿನ ಮತ್ತು ಮೇಲಿನ ಮಿತಿ ಬರೆಯಲಿ, ಆದರೆ ಕೆಳಗಿನ ಮಿತಿ ಈಗಿನ ನೌಕರರ ಸಂಬಳಕ್ಕಿಂತ ಮೇಲಿದ್ದರೆ ಆ ಆತಂಕ ಜಾಹೀರಾತಿನಿಂದ ಪರಿಹಾರವಾಗುವುದಲ್ಲ. ಪ್ಲೇಟಿಂಗ್ ಲೆಕ್ಕಕ್ಕೆ ತರಬೇತಿ ಕೊಡುವವರು ನಿವೃತ್ತರಾಗುವ ಮೊದಲೇ ಹೊಸಬರು ಸೇರಬೇಕಲ್ಲವೇ? ಹಾಗಿದ್ದರೆ ಸೇರಬೇಕಾದ ದಿನಾಂಕವನ್ನೂ ಹಾಕಿ, ಕರಡಿನಲ್ಲಿ ಅದು ಬಿಟ್ಟುಹೋಗಿದೆ.

ಬಂಗಾರಪೇಟೆ ರೈಲು

ಮೇಡಂ, ನನ್ನ ಅಕ್ಕನ ಮಗನಿಗೆ ಈ ಹೊಸ ಕರಡನ್ನು ಓದಿ ಹೇಳಿದೆ. ಚಲನ್ ಲೆಕ್ಕ ತನಗೆ ಬರುತ್ತದೆ, ಆದರೆ ಸಂಬಳ ತಿಳಿಯದೆ 8 ವರ್ಷದ ಕೆಲಸ ಬಿಡುವುದು ಹೇಗೆ ಎಂದು ಕೇಳುತ್ತಿದ್ದಾನೆ. ಈ ಪ್ರಶ್ನೆಯನ್ನು ಮಾಲೀಕರಿಗೆ ತಲುಪಿಸಿ.